ರಾಜೀನಾಮೆಯಲ್ಲಿ ಬರೆದದ್ದು ದೂರು ಎನಿಸಿಕೊಳ್ಳುವುದಿಲ್ಲ

ವಸಂತನರಸಾಪುರದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದ ಹೆಣ್ಣುಮಗಳೊಬ್ಬಳು ಜೂನ್ 10ರಂದು ತುಮಕೂರಿನ ನನ್ನ ಕಚೇರಿಗೆ ಬಂದಳು. ಮೇಲ್ವಿಚಾರಕನ ಲೈಂಗಿಕ ಕಿರುಕುಳ ತಾಳಲಾರದೆ ಏಪ್ರಿಲ್ 20ಕ್ಕೆ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮುಗಿಸಿ ಮೇ 20ಕ್ಕೆ ಹೊರಬಂದಿದ್ದಳು. ಪತ್ರದಲ್ಲಿ 'ದೂರು ನೀಡುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ' ಎಂಬ ಸಾಲಿತ್ತು. ಆ ಸಾಲನ್ನು ನಂಬಿ, ಕೆಲಸ ಬಿಟ್ಟ ದಿನದಿಂದ ಮೂರು ತಿಂಗಳು, ಅಂದರೆ ಆಗಸ್ಟ್‌ವರೆಗೆ ಸಮಯವಿದೆ ಎಂದುಕೊಂಡಿದ್ದಳು.

ನಾನು ಕೇಳಿದ ಮೊದಲ ಪ್ರಶ್ನೆ, ಕೊನೆಯ ಘಟನೆ ನಡೆದದ್ದು ಯಾವಾಗ ಎಂದು. ಏಪ್ರಿಲ್ 2, ಎಂದಳು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ದೂರು ನೀಡಲು ಇರುವ ಮೂರು ತಿಂಗಳ ಲೆಕ್ಕ ಘಟನೆಯ ದಿನದಿಂದ ಶುರುವಾಗುತ್ತದೆ. ಘಟನೆಗಳು ಸಾಲಾಗಿ ನಡೆದಿದ್ದರೆ ಕೊನೆಯದರಿಂದ. ಹಾಗಾಗಿ ಅವಳ ಗಡುವು ಜುಲೈ 2ರ ಸುಮಾರಿಗೇ ಮುಗಿಯುತ್ತಿತ್ತು. ಇಂಥ ದೂರುಗಳನ್ನು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿ ಅದನ್ನು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಆದರೆ ತಡವಾದದ್ದಕ್ಕೆ ಒಪ್ಪತಕ್ಕ ಕಾರಣ ಬೇಕು, ಅದನ್ನು ಸಮಿತಿ ಬರೆದು ದಾಖಲಿಸಬೇಕು. 'ಹಕ್ಕು ಕಾಯ್ದಿರಿಸಿದ್ದೆ' ಎನ್ನುವುದು ಅಂಥ ಕಾರಣವಲ್ಲ.

ಹಾಗಾದರೆ ಆ ಸಾಲು ದಂಡವೇ? ಅಲ್ಲ. 'ವೈಯಕ್ತಿಕ ಕಾರಣದಿಂದ' ಎಂದು ಬರೆದು ಹೊರಬಂದವಳನ್ನು ವಿಚಾರಣೆಯಲ್ಲಿ ಎದುರು ಪಕ್ಷ ಮೊದಲು ಹಿಡಿಯುವುದೇ ಆ ಎರಡು ಪದಗಳಿಂದ: ಆಗ ಹೇಳದ್ದು ಈಗೇಕೆ ಎಂದು. ಹಕ್ಕಂತೂ ಕಾಯ್ದೆಯಲ್ಲೇ ಇದೆ. ನೊಂದ ಮಹಿಳೆ 'ಉದ್ಯೋಗದಲ್ಲಿರಲಿ, ಇಲ್ಲದಿರಲಿ' ಎಂದೇ ಅದು ಹೇಳುತ್ತದೆ. ಪತ್ರದ ಸಾಲು ಆ ಹಕ್ಕನ್ನು ಹುಟ್ಟಿಸುವುದಿಲ್ಲ, ಅವಳು ಅದನ್ನು ಬಿಟ್ಟುಕೊಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ನಾನಾದರೆ ಇಷ್ಟೇ ಬರೆಸುತ್ತಿದ್ದೆ: 'ಕೆಲಸದ ಸ್ಥಳದಲ್ಲಿ ನಾನು ಎದುರಿಸಿದ ಲೈಂಗಿಕ ಕಿರುಕುಳದ ಕಾರಣ ರಾಜೀನಾಮೆ ನೀಡುತ್ತಿದ್ದೇನೆ. ಈ ಕುರಿತು ಆಂತರಿಕ ಸಮಿತಿಗೆ ಪ್ರತ್ಯೇಕವಾಗಿ ದೂರು ನೀಡಲಿದ್ದೇನೆ. ರಾಜೀನಾಮೆಯಿಂದಾಗಲಿ, ಲೆಕ್ಕ ಚುಕ್ತಾ ಆಗುವುದರಿಂದಾಗಲಿ ನನ್ನ ಆ ಹಕ್ಕು ಬಿಟ್ಟುಹೋಗುವುದಿಲ್ಲ.' ಹೆಸರು, ವಿವರ ಬೇಡ. ರಾಜೀನಾಮೆ ಪತ್ರ ಎಚ್‌ಆರ್‌ನಿಂದ ಲೆಕ್ಕಪತ್ರ ವಿಭಾಗದವರೆಗೆ ನಾಲ್ಕಾರು ಮೇಜು ದಾಟುತ್ತದೆ. ವಿವರಗಳ ಜಾಗ ಗೌಪ್ಯವಾಗಿ ಉಳಿಯಬೇಕಾದ ದೂರಿನೊಳಗೆ.

ಕೊನೆಯ ಸಂಬಳದ ಹೊತ್ತಿಗೆ 'ಕಂಪನಿಯ ಮೇಲೆ ನನ್ನ ಯಾವ ತಕರಾರೂ ಇಲ್ಲ' ಎಂಬ ಅಚ್ಚಾದ ಹಾಳೆ ಮುಂದೆ ಬರುತ್ತದೆ. ಅವಳ ಮುಂದೆಯೂ ಬಂದಿತ್ತು. ಪುಣ್ಯಕ್ಕೆ ಸಹಿಯ ಮೇಲೆ 'ಬಾಕಿ ಹಣದ ಮಟ್ಟಿಗೆ ಮಾತ್ರ' ಎಂದು ಕೈಯಲ್ಲಿ ಬರೆದು, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲವಂತೆ.

ಕೆಲಸ ಬಿಟ್ಟಮೇಲೆ ಕೈತಪ್ಪಿದ್ದೂ ಇದೆ. ವಿಚಾರಣೆ ನಡೆಯುವಾಗ ವರ್ಗಾವಣೆ ಅಥವಾ ಮೂರು ತಿಂಗಳವರೆಗಿನ ರಜೆ ಕೇಳಬಹುದಿತ್ತು. ಈಗ ಅದರಿಂದ ಪ್ರಯೋಜನವಿಲ್ಲ. ಏಪ್ರಿಲ್‌ನಲ್ಲೇ ಬಂದಿದ್ದರೆ ಮೊದಲು ದೂರು, ಆಮೇಲೆ ರಾಜೀನಾಮೆ ಎನ್ನುತ್ತಿದ್ದೆ.

ಎರಡು ಸಂಜೆ ಕುಳಿತು ದೂರು ಸಿದ್ಧಪಡಿಸಿದೆವು. ಆರು ಪ್ರತಿ, ವಾಟ್ಸ್‌ಆ್ಯಪ್ ಸಂದೇಶಗಳ ಮುದ್ರಿತ ಹಾಳೆಗಳು, ಇಬ್ಬರು ಸಾಕ್ಷಿಗಳ ಹೆಸರು ಮತ್ತು ವಿಳಾಸ. ಜೂನ್ 17ರಂದು ಸಮಿತಿಯ ಅಧ್ಯಕ್ಷೆಯ ಹೆಸರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ರಾಜೀನಾಮೆ ಪತ್ರದ ಪ್ರತಿಗೆ ಪಿನ್ ಮಾಡಿದೆ.