ಕ್ಯಾಪ್ ಪ್ರಮೇಯ: ಎರಡು ಶಾಖೆ, ಒಂದೇ ಖಾತೆ

ಶಿವಮೊಗ್ಗದಲ್ಲಿ ಒಂದು ಬ್ಯಾಂಕ್ ಶಾಖೆ, ಸಾಗರದಲ್ಲಿ ಇನ್ನೊಂದು ಅಂದುಕೊಳ್ಳಿ. ಅಣ್ಣ ತಮ್ಮ ಇಬ್ಬರದೂ ಜಂಟಿ ಖಾತೆ, ಅದರಲ್ಲಿ 10,000 ರೂಪಾಯಿ ಇದೆ. ಎರಡೂ ಶಾಖೆಯಲ್ಲಿ ಆ ಖಾತೆಯ ಒಂದೊಂದು ಪ್ರತಿ ಇದೆ, ಒಂದು ಕಡೆ ಬದಲಾದರೆ ಲೈನ್ ಮೂಲಕ ಇನ್ನೊಂದು ಕಡೆಗೂ ಸುದ್ದಿ ಹೋಗುತ್ತದೆ. ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್ ಅಂದರೆ ಇಷ್ಟೇ.

ಈಗ ಲೈನ್ ಕಟ್ ಆಯಿತು. ಇದಕ್ಕೇ ಪಾರ್ಟಿಷನ್ ಅನ್ನುವುದು. ಅಣ್ಣ ಶಿವಮೊಗ್ಗದಲ್ಲಿ 8,000 ತೆಗೆದುಕೊಂಡ. ಹತ್ತು ನಿಮಿಷ ಬಿಟ್ಟು ತಮ್ಮ ಸಾಗರದ ಕೌಂಟರಿಗೆ ಬಂದು ತನಗೂ 8,000 ಬೇಕು ಅಂದ.

ಸಾಗರದ ಕ್ಯಾಷಿಯರ್ ಮುಂದಿರುವ ಪರದೆಯಲ್ಲಿ ಇನ್ನೂ 10,000 ಕಾಣುತ್ತಿದೆ. ಅಣ್ಣ ದುಡ್ಡು ತೆಗೆಯದೇ ಇದ್ದಿದ್ದರೂ ಅಷ್ಟೇ ಕಾಣುತ್ತಿತ್ತು, ಅಲ್ವಾ? ಇಡೀ ಪ್ರಮೇಯದ ತಿರುಳು ಇಲ್ಲಿದೆ: ಎರಡು ಬೇರೆ ಬೇರೆ ಸ್ಥಿತಿಗಳು ಸಾಗರದಿಂದ ನೋಡಿದರೆ ಒಂದೇ ಥರ ಇರುತ್ತವೆ, ಹಾಗಾಗಿ ಎರಡಕ್ಕೂ ಅವರು ಒಂದೇ ಉತ್ತರ ಕೊಡಬೇಕಾಗುತ್ತದೆ. ದುಡ್ಡು ಕೊಟ್ಟರೆ ಖಾತೆ 6,000 ಮೈನಸ್ ಆಗುತ್ತದೆ, ಕನ್ಸಿಸ್ಟೆನ್ಸಿ, ಅಂದರೆ ಎಲ್ಲ ಕಡೆ ಲೆಕ್ಕ ಒಂದೇ ಇರುವುದು, ಹೋಯಿತು. "ಲೈನ್ ಬಂದ ಮೇಲೆ ಬನ್ನಿ" ಅಂದರೆ ಲೆಕ್ಕ ಸರಿ ಇರುತ್ತದೆ, ಅವೈಲಬಿಲಿಟಿ, ಅಂದರೆ ಕೇಳಿದವರಿಗೆ ಆಗಲೇ ಕೆಲಸ ಆಗುವುದು, ಹೋಯಿತು. ಎಷ್ಟೇ ಜಾಣತನದ ಪ್ರೋಗ್ರಾಂ ಬರೆದರೂ ಬಾರದ ಸುದ್ದಿಯನ್ನು ಓದಲು ಆಗುವುದಿಲ್ಲ.

ಪಾರ್ಟಿಷನ್ ಆದಾಗ ಕನ್ಸಿಸ್ಟೆನ್ಸಿ, ಅವೈಲಬಿಲಿಟಿ ಎರಡೂ ಒಟ್ಟಿಗೆ ಸಿಗುವುದಿಲ್ಲ, ಇದೇ ಕ್ಯಾಪ್ ಪ್ರಮೇಯ. ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ರಲ್ಲಿ ಇದನ್ನು ಹೇಳಿದರು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಾಧಿಸಿ ತೋರಿಸಿದರು.

ಕನ್ಸಿಸ್ಟೆನ್ಸಿ, ಅವೈಲಬಿಲಿಟಿ, ಪಾರ್ಟಿಷನ್ ತಡೆದುಕೊಳ್ಳುವುದು, ಈ "ಮೂರರಲ್ಲಿ ಯಾವುದಾದರೂ ಎರಡು ಆರಿಸಿಕೊಳ್ಳಿ" ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅದು ದಾರಿ ತಪ್ಪಿಸುತ್ತದೆ. ಲೈನ್ ಕಟ್ ಆಗುವುದು ನಮ್ಮ ಆಯ್ಕೆಯಲ್ಲ, ಅದು ಆಗಿಯೇ ಆಗುತ್ತದೆ, ಆದಾಗ ಉಳಿದ ಎರಡರಲ್ಲಿ ಯಾವುದನ್ನು ಬಿಡುತ್ತೀರಿ ಅನ್ನುವುದಷ್ಟೇ ಪ್ರಶ್ನೆ. ಲೈನ್ ಚೆನ್ನಾಗಿರುವಾಗ ಎರಡೂ ಸಿಗುತ್ತವೆ. ಇನ್ನೊಂದು ತೊಡಕು, ಲೈನ್ ಕಟ್ ಆಗಿದೆಯೋ ಸುಮ್ನೆ ನಿಧಾನವಾಗಿದೆಯೋ ಅಂತ ಸಾಗರಕ್ಕೆ ಖಚಿತವಾಗಿ ಗೊತ್ತಾಗುವುದಿಲ್ಲ. ಐದು ಸೆಕೆಂಡ್ ಕಾದು ನೋಡೋಣ ಅಂತ ಒಂದು ಗಡುವು ಇಟ್ಟುಕೊಳ್ಳಬೇಕು, ಗಡುವು ಮುಗಿದ ಕ್ಷಣದಲ್ಲೇ ಕೊಡುವುದೋ ಬಿಡುವುದೋ ತೀರ್ಮಾನ ಆಗಬೇಕು.

ನನಗೆ ತುಂಬಾ ಹಿಡಿಸಿದ ಉಪಾಯ ಒಂದಿದೆ. ಲೈನ್ ಇರುವಾಗಲೇ ಎರಡೂ ಶಾಖೆ ಮಾತಾಡಿಕೊಂಡು, ಲೈನ್ ಇಲ್ಲದಾಗ ತಲಾ 5,000ಕ್ಕಿಂತ ಜಾಸ್ತಿ ಕೊಡುವುದಿಲ್ಲ ಅಂತ ಪಾಲು ಮಾಡಿಕೊಳ್ಳುವುದು. ಆಗ ಇಬ್ಬರೂ ಬಂದರೂ ಖಾತೆ ಮೈನಸ್ ಆಗುವುದಿಲ್ಲ, ಯಾರೂ ಪೂರ್ತಿ ಬರಿಗೈಯಲ್ಲಿ ಹೋಗುವುದೂ ಇಲ್ಲ. ಆದರೆ ಒಬ್ಬನೇ ಬಂದು 8,000 ಕೇಳಿದರೆ, ಖಾತೆಯಲ್ಲಿ ದುಡ್ಡಿದ್ದರೂ ಸಿಗುವುದು 5,000 ಮಾತ್ರ. "ಈಗ ಬ್ಯಾಲೆನ್ಸ್ ಎಷ್ಟಿದೆ?" ಅಂತ ಕೇಳಿದರೆ ಲೈನ್ ಬರುವವರೆಗೂ ಅದಕ್ಕೆ ನಂಬುವಂಥ ಉತ್ತರ ಎರಡೂ ಶಾಖೆಯಲ್ಲಿ ಇಲ್ಲ.