ಸೆಖೆಗಾಲಕ್ಕೆ ಯಾವ ಬೆಡ್‌ಶೀಟ್? ಕಾಟನ್ನಾ, ಲಿನನ್ನಾ, ಮೈಕ್ರೋಫೈಬರಾ?

ಪ್ರಶ್ನೆ: ನಮ್ಮದು ಮಂಗಳೂರು. ಮುಟ್ಟಿದರೆ ತಣ್ಣಗಿದೆ ಎಂದು ಮೈಕ್ರೋಫೈಬರ್ ಬೆಡ್‌ಶೀಟ್ ತಂದೆವು. ರಾತ್ರಿ ಬೆನ್ನಿಗೆ ಅಂಟುತ್ತದೆ. ಕಾಟನ್ ತಗೊಂಡರೆ ಸರಿಹೋಗುತ್ತಾ? ಲಿನನ್‌ಗೆ ಅಷ್ಟು ದುಡ್ಡು ಕೊಡಬೇಕಾ?

ಅಂಗಡಿಯಲ್ಲಿ ಕೈಗೆ ತಣ್ಣಗೆ ಅನ್ನಿಸಿದ್ದು ಸುಳ್ಳಲ್ಲ. ನುಣುಪಾದ ಬಟ್ಟೆ ಚರ್ಮಕ್ಕೆ ಪೂರ್ತಿ ತಾಗುತ್ತದೆ, ಅದಕ್ಕೇ ಮೊದಲ ಎರಡು ನಿಮಿಷ ತಂಪು. ಆಮೇಲೆ ಬೆವರು ಶುರುವಾಗುತ್ತದೆ. ತೊಂದರೆ ಇರುವುದು ಅಲ್ಲೇ.

ಮೈಕ್ರೋಫೈಬರ್ ಅಂದರೆ ಸಾಮಾನ್ಯವಾಗಿ ತೀರಾ ಸಣ್ಣ ಪಾಲಿಯೆಸ್ಟರ್ ಎಳೆ. ಒಂದು ಸಿಂಗಲ್ ಬೆಡ್‌ಶೀಟ್ 400 ಗ್ರಾಂ ಇದೆ ಅಂದುಕೊಳ್ಳಿ. ಗಾಳಿಯ ತೇವ ಶೇ. 65 ಇದ್ದಾಗ ಹತ್ತಿಯ ಎಳೆ ತನ್ನ ತೂಕದ ಸುಮಾರು ಶೇ. 8ರಷ್ಟು ನೀರನ್ನು ಒಳಗೇ ಹಿಡಿದಿಡುತ್ತದೆ, ಅಂದರೆ 30 ಗ್ರಾಂಗಿಂತ ಜಾಸ್ತಿ. ಹಾಗಿದ್ದರೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಅಗಸೆ ನಾರಿನ ಲಿನನ್ ಇನ್ನೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಎರಡು ಗ್ರಾಂ ಕೂಡ ಇಲ್ಲ. ಹಾಗಾಗಿ ಬೆವರು ಬೆನ್ನಿಗೂ ಬಟ್ಟೆಗೂ ನಡುವೆಯೇ ನಿಲ್ಲುತ್ತದೆ. ನಿಮಗೆ ಅಂಟುತ್ತಿರುವುದು ಅದೇ.

ಹಾಗಂತ ಕಾಟನ್ ಎಂದು ಬರೆದಿದ್ದೆಲ್ಲ ತಂಪಲ್ಲ. ನಾನೇ ಒಮ್ಮೆ 600 ಥ್ರೆಡ್ ಕೌಂಟ್‌ನ, ಅಂದರೆ ಒಂದು ಚದರ ಇಂಚಿಗೆ ಉದ್ದ ಅಡ್ಡ ಸೇರಿ 600 ಎಳೆ ಇರುವ, ಮಿರಮಿರ ಮಿಂಚುವ ಸ್ಯಾಟಿನ್ ನೇಯ್ಗೆಯ ಕಾಟನ್ ತಂದು ಏಪ್ರಿಲ್ ಇಡೀ ಬೆಂದಿದ್ದೇನೆ. ನೇಯ್ಗೆ ದಟ್ಟವಾದಷ್ಟೂ ಗಾಳಿ ಆಡುವುದಿಲ್ಲ. ಕರಾವಳಿಯಲ್ಲಿ ಗಾಳಿಯೇ ಒದ್ದೆ, ಬಟ್ಟೆ ಮೊದಲೇ ಅರ್ಧ ನೀರು ಕುಡಿದಿರುತ್ತದೆ. ಹೀರಿದ್ದು ಹೊರಗೆ ಹೋಗಲು ದಾರಿ ಇರಬೇಕು. ಅದಕ್ಕೆ ಪರ್ಕೇಲ್ ಎಂದು ಮಾರುವ ಸಾದಾ ನೇಯ್ಗೆಯ ಕಾಟನ್, 200ರಿಂದ 300 ಥ್ರೆಡ್ ಕೌಂಟ್ ಒಳಗಿನದು ಸಾಕು. ತೆಳ್ಳಗಿನ ಕೈಮಗ್ಗದ್ದು ಸಿಕ್ಕರೂ ಆಯ್ತು. ಕೊಳ್ಳುವ ಮುಂಚೆ ಒಂದೇ ಪದರ ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಒತ್ತಿ ಊದಿ. ಉಸಿರು ಆಚೆ ಬರಬೇಕು.

ಲಿನನ್ ನಿಜಕ್ಕೂ ಚೆನ್ನ. ಎಳೆ ದಪ್ಪ, ಸ್ವಲ್ಪ ಒರಟು. ಆ ಒರಟಿನಿಂದಲೇ ಮೈಗೆ ಮೆತ್ತಿಕೊಳ್ಳುವುದಿಲ್ಲ, ಅಡಿಯಲ್ಲಿ ಗಾಳಿ ಸುಳಿಯುತ್ತದೆ. ಆದರೆ ಮೊದಮೊದಲು ಚುಚ್ಚುತ್ತದೆ, ಹತ್ತಾರು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಸುಕ್ಕಂತೂ ಬಿಡುವುದೇ ಇಲ್ಲ. ತೆಳು ಕಾಟನ್‌ಗಿಂತ ಎಷ್ಟೋ ಪಟ್ಟು ದುಡ್ಡು ಕೊಡುವಷ್ಟು ವ್ಯತ್ಯಾಸ ಫ್ಯಾನ್ ಕೆಳಗೆ ಮಲಗುವವರಿಗೆ ಗೊತ್ತಾಗುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಬೆಡ್‌ಶೀಟ್ ಬದಲಿಸಿಯೂ ಬೆನ್ನು ಬಿಸಿಯಾದರೆ ಅದನ್ನು ಎತ್ತಿ ನೋಡಿ. ಕೆಳಗೆ ಪ್ಲಾಸ್ಟಿಕ್ ಪದರದ ವಾಟರ್‌ಪ್ರೂಫ್ ಕವರ್ ಇದ್ದರೆ ಮೇಲೆ ಲಿನನ್ ಹಾಸಿದರೂ ಅಷ್ಟೇ.

ಮೈಕ್ರೋಫೈಬರನ್ನು ಎಸೆಯಬೇಡಿ. ಆಷಾಢದ ಮಳೆಯಲ್ಲಿ ಕಾಟನ್ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುವಾಗ, ಅದು ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಬೆಳಗ್ಗೆಗೆ ಒಣಗಿರುತ್ತದೆ. ಆಗ ಸೆಖೆಯೂ ಅಷ್ಟಿರುವುದಿಲ್ಲ ಅಲ್ವಾ.