ಕಿಬ್ಲಾ ಗೋಡೆಯಿಂದ ಮಿನಾರ್‌ವರೆಗೆ

ಹಳೆಯ ಮಸೀದಿಗಳ ದುರಸ್ತಿ ಕೆಲಸಕ್ಕೆ ಹೋದಾಗ ನಾನು ಮೊದಲು ಅಳೆಯುವುದು ಕಿಬ್ಲಾ ಗೋಡೆಯನ್ನು, ಅಂದರೆ ಮೆಕ್ಕಾದ ಕಡೆಗಿರುವ ಗೋಡೆಯನ್ನು. ನೋಡಲು ಬರುವವರ ಕಣ್ಣು ಮಿನಾರ್ ಮೇಲೆ ಬೀಳುತ್ತದೆ, ಅದು ಸಹಜ. ಆದರೆ ಕಟ್ಟಡ ಶುರುವಾಗುವುದು ಈ ಗೋಡೆಯಿಂದ. ಉಳಿದದ್ದೆಲ್ಲ ಆಮೇಲೆ ಒಂದೊಂದಾಗಿ ಸೇರಿಕೊಂಡಿತು.

ಮದೀನಾದಲ್ಲಿ 622ರಲ್ಲಿ ಪ್ರವಾದಿ ಮುಹಮ್ಮದರು ಕಟ್ಟಿಸಿದ್ದು ಹಸಿ ಇಟ್ಟಿಗೆಯ ಗೋಡೆ ಸುತ್ತುವರಿದ ಒಂದು ಅಂಗಳ. ಪಕ್ಕದಲ್ಲೇ ಮನೆಯವರ ಕೋಣೆಗಳು. ಮೊದಲು ಜೆರುಸಲೇಮಿನ ಕಡೆಗೆ, ಅಂದರೆ ಉತ್ತರಕ್ಕೆ ಮುಖ ಮಾಡಿ ನಮಾಜ್ ಮಾಡುತ್ತಿದ್ದರು. 624ರಲ್ಲಿ ದಿಕ್ಕು ಮೆಕ್ಕಾದ ಕಡೆಗೆ, ದಕ್ಷಿಣಕ್ಕೆ ಬದಲಾಯಿತು. ಆಗ ದಕ್ಷಿಣದ ಗೋಡೆಗೆ ಸೇರಿದಂತೆ ಖರ್ಜೂರದ ಕಾಂಡಗಳನ್ನು ನೆಟ್ಟು, ಮೇಲೆ ಗರಿ ಹೊದಿಸಿ ನೆರಳು ಮಾಡಿದರು. ಮುಂದೆ ನೂರಾರು ಕಂಬಗಳ ಪ್ರಾರ್ಥನಾ ಮಂಟಪಗಳು ಬಂದವಲ್ಲ, ಅವುಗಳ ಮೂಲ ಈ ಚಪ್ಪರ. ಕಂಬದ ಸಾಲು ಎಷ್ಟು ಬೇಕಾದರೂ ಬೆಳೆಸಬಹುದು. ಜನ ಹೆಚ್ಚಾದರೆ ಇನ್ನೆರಡು ಸಾಲು ಸೇರಿಸಿದರಾಯಿತು.

ಆಗ ಅಲ್ಲಿ ಕಿಬ್ಲಾ ಗೋಡೆಯಲ್ಲಿ ಗೂಡೂ ಇರಲಿಲ್ಲ, ಮಿನಾರೂ ಇರಲಿಲ್ಲ. ಪ್ರವಾದಿಗಳ ಸಂಗಾತಿ ಬಿಲಾಲರು ಮನೆಯ ಮಾಳಿಗೆ ಹತ್ತಿ ಆಜಾನ್ ಕೂಗುತ್ತಿದ್ದರು.

ಮೊದಲು ಬಂದದ್ದು ಮಿಂಬರ್, ಅಂದರೆ ಉಪದೇಶ ಪೀಠ. ಪ್ರವಾದಿಗಳು ಖರ್ಜೂರದ ಕಂಬಕ್ಕೆ ಒರಗಿ ಮಾತಾಡುತ್ತಿದ್ದರು. ಜನ ಜಾಸ್ತಿಯಾದಾಗ ಹಿಂದಿನವರಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಕುಳಿತುಕೊಳ್ಳುವ ಜಾಗವೂ ಸೇರಿ ಮೂರೇ ಮೆಟ್ಟಿಲಿನ ಒಂದು ಮರದ ಪೀಠ ಮಾಡಿಸಿದರು. ಮುಂದೆ ಖಲೀಫರು, ಪ್ರಾಂತದ ಆಡಳಿತಗಾರರು ಶುಕ್ರವಾರದ ಖುತ್ಬಾ, ಅಂದರೆ ಉಪದೇಶ, ಓದತೊಡಗಿದಾಗ ಪೀಠಕ್ಕೆ ಅಧಿಕಾರದ ಗತ್ತು ಬಂತು, ಮೆಟ್ಟಿಲೂ ಏರಿದವು.

ಮಿಹ್ರಾಬ್, ಅಂದರೆ ಗೋಡೆಯೊಳಗಿನ ಗೂಡು, ಬಂದದ್ದು ತಡವಾಗಿ. ಖಲೀಫ ಅಲ್ ವಲೀದ್ 707ರಿಂದ 709ರ ನಡುವೆ ಮದೀನಾದ ಮಸೀದಿಯನ್ನು ಮತ್ತೆ ಕಟ್ಟಿಸಿದಾಗ ಒಳಕ್ಕೆ ಬಾಗಿದ ಗೂಡು ಮೊದಲ ಸಲ ಕಾಣಿಸಿಕೊಂಡಿತು ಎಂದು ಹಳೆ ಅರಬಿ ಬರಹಗಾರರು ಹೇಳುತ್ತಾರೆ. ಇದು ದಿಕ್ಕು ತೋರಿಸಲಿಕ್ಕೆ ಮಾಡಿದ್ದು ಅಂತ ಸಾಮಾನ್ಯವಾಗಿ ಹೇಳುತ್ತೇವೆ, ಅಲ್ವಾ? ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಕಂಬಗಳ ಕಾಡಿನಲ್ಲಿ ಹಿಂದಿನ ಸಾಲಿನವರಿಗೆ ಗೂಡು ಕಾಣುವುದೇ ಇಲ್ಲ. ದಿಕ್ಕನ್ನು ಇಡೀ ಗೋಡೆಯೇ ಹೇಳುತ್ತದೆ, ಸಾಲುಗಳು ಅದಕ್ಕೆ ಸಮಾನಾಂತರವಾಗಿ ನಿಲ್ಲುತ್ತವೆ. ಗೂಡು ಗುರುತಿಸುವುದು ಇಮಾಮರು ನಿಲ್ಲುವ ಜಾಗವನ್ನು, ಗೋಡೆಯ ಗೌರವದ ನಡುಬಿಂದುವನ್ನು. ಚರ್ಚುಗಳಲ್ಲಿ, ಅರಮನೆಗಳಲ್ಲಿ ಇಂಥ ಗೂಡು ಮೊದಲೇ ಇತ್ತು. ಅದೇ ಕಾರಣಕ್ಕೆ ಕೆಲವು ಹಿರಿಯರು ಇದನ್ನು ಒಪ್ಪಲಿಲ್ಲ.

ಅದೇ ಕೆಲಸದಲ್ಲಿ ಮದೀನಾದ ಮಸೀದಿಯ ನಾಲ್ಕು ಮೂಲೆಗೂ ಗೋಪುರ, ಅಂದರೆ ಮಿನಾರ್, ಎದ್ದವು. ಡಮಾಸ್ಕಸ್‌ನಲ್ಲಂತೂ ರೋಮನ್ ದೇವಾಲಯದ ಆವರಣದ ಮೂಲೆ ಗೋಪುರಗಳು ಮೊದಲೇ ಇದ್ದವು. ಮಸೀದಿ ಅವುಗಳ ನಡುವೆ ಬಂತು.

ಇದೆಲ್ಲ ಒಂದೇ ಕಡೆ ನೋಡಬೇಕೆಂದರೆ ಟ್ಯುನೀಷಿಯಾದ ಕೈರುವಾನ್. ಈಗಿನ ಮಸೀದಿಯ ಹೆಚ್ಚಿನ ಭಾಗ 836ರ ನಂತರದ್ದು. ಮಿನಾರ್ ಚೌಕಾಕಾರದ್ದು, ಮೂರು ಹಂತ, ಸುಮಾರು 31 ಮೀಟರ್ ಎತ್ತರ. ಅಂಗಳದ ಒಂದು ತುದಿಗೆ ಮಿನಾರ್, ಎದುರು ತುದಿಗೆ ಮಿಹ್ರಾಬ್. ಒಳಗೆ ಕಂಬದ ಸಾಲುಗಳ ಮಧ್ಯದ ಓಣಿಗಳಲ್ಲಿ ನಡುವಿನದು ಬೇರೆಯವಕ್ಕಿಂತ ಅಗಲ. ಕಿಬ್ಲಾ ಗೋಡೆಗೆ ತಾಗಿದ ಅಡ್ಡ ಓಣಿಯೂ ಅಗಲ. ಎರಡೂ ಕೂಡುವಲ್ಲಿ ಗುಮ್ಮಟ. ಮಿಹ್ರಾಬಿನ ಒಳಮೈಗೆ ಜಾಲಂದ್ರದಂತೆ ಕೊರೆದ ಅಮೃತಶಿಲೆಯ ಹಲಗೆಗಳಿವೆ. ತೂತಿನಲ್ಲಿ ಇಣುಕಿದರೆ ಹಿಂದೆ ಟೊಳ್ಳು ಜಾಗ ಕಾಣುತ್ತದೆ. ಬಲಗಡೆಗೆ ತೇಗದ ಮಿಂಬರ್, ಒಂಬತ್ತನೇ ಶತಮಾನದ್ದು. ಪ್ರಪಂಚದಲ್ಲಿ ಉಳಿದಿರುವ ಅತಿ ಹಳೆಯ ಮಿಂಬರ್ ಇದೇ. ಮುನ್ನೂರಕ್ಕೂ ಹೆಚ್ಚು ಕೆತ್ತನೆಯ ಹಲಗೆಗಳನ್ನು ಚೌಕಟ್ಟಿನಲ್ಲಿ ಕೂರಿಸಿದ್ದಾರೆ.

ಇಲ್ಲಿನ ಕಿಬ್ಲಾ ಗೋಡೆ ಮಾತ್ರ ಇಂದಿನ ಲೆಕ್ಕಕ್ಕಿಂತ 30 ಡಿಗ್ರಿಗೂ ಜಾಸ್ತಿ ದಕ್ಷಿಣಕ್ಕೆ ತಿರುಗಿದೆ. ಇದನ್ನು ಸುಮ್ನೆ ತಪ್ಪು ಎನ್ನಬಾರದು. ಆಗ ಸೂರ್ಯ, ನಕ್ಷತ್ರ ನೋಡಿ, ಹಿರಿಯರು ನಿಂತ ದಿಕ್ಕನ್ನು ನೆನೆದು ಗೋಡೆ ಹಾಕುತ್ತಿದ್ದರು. ಹಿರಿಯರ ಗೋಡೆ ಒಮ್ಮೆ ನಿಂತರೆ ಮುಂದಿನವರು ಅದನ್ನೇ ಅನುಸರಿಸಿದರು.

ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಬಂದರೆ ಲೆಕ್ಕವೇ ಬೇರೆ. ಅಲ್ಲಿನ ಶಾಸನದ ವರ್ಷ 1367. ಅಂಗಳವನ್ನೇ ಬಿಟ್ಟು ಇಡೀ ಜಾಗಕ್ಕೆ ಚಿಕ್ಕ ಗುಮ್ಮಟಗಳ ಮಾಡು ಹಾಕಿದ್ದಾರೆ. ಬೆಳಕು ಬರುವುದು ಪಕ್ಕದ ಅಗಲವಾದ ಕಮಾನುಗಳಿಂದ. ಮಿಹ್ರಾಬಿನ ಮುಂದೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು. ಮಿನಾರ್ ಇಲ್ಲವೇ ಇಲ್ಲ.